ಒಂದು ಕಿಲೊ ಇದ್ದಲಿಗೆ ಎಷ್ಟು ಕೊಡ ನೀರು?

1712ರಲ್ಲಿ ಇಂಗ್ಲೆಂಡಿನ ಡಡ್ಲಿ ಕೋಟೆಯ ಹತ್ತಿರದ ಒಂದು ಕಲ್ಲಿದ್ದಲು ಗಣಿಯ ಬಾಯಲ್ಲಿ ಥಾಮಸ್ ನ್ಯೂಕಮನ್ ನಿಲ್ಲಿಸಿದ ಉಗಿಯಂತ್ರದ ಶಕ್ತಿ ಸುಮಾರು ಐದೂವರೆ ಅಶ್ವಶಕ್ತಿ. ನಮ್ಮ ಹೊಲಗಳ ಬೋರ್‌ವೆಲ್‌ಗೆ ಇಳಿಸುವ 5 ಎಚ್‌ಪಿ ಮೋಟರ್‌ ಕೂಡ ಹೆಚ್ಚುಕಡಿಮೆ ಅಷ್ಟೇ. ಆದರೆ ಆ ಯಂತ್ರ ಇರಲು ಒಂದು ಕಟ್ಟಡವೇ ಬೇಕಿತ್ತು. ಅದರ ಸಿಲಿಂಡರ್‌ 21 ಅಂಗುಲ ಅಗಲ, ಸುಮಾರು 8 ಅಡಿ ಎತ್ತರ. ಮೇಲೆ ನಮ್ಮ ಹಳ್ಳಿಯ ಏತದಂತೆ ತೂಗಾಡುವ ದೊಡ್ಡ ಮರದ ತೊಲೆ. ತೊಲೆಯ ಒಂದು ತುದಿಗೆ ಪಿಸ್ಟನ್, ಇನ್ನೊಂದು ತುದಿಗೆ ಗಣಿಯೊಳಗೆ ಇಳಿದ ಪಂಪಿನ ಸರಳು.

ಲೆಕ್ಕ ಹೀಗಿದೆ. ತೊಲೆ ನಿಮಿಷಕ್ಕೆ 12 ಸಲ ತೂಗುತ್ತಿತ್ತು. ಪ್ರತಿ ತೂಗಿಗೆ 10 ಗ್ಯಾಲನ್, ಅಂದರೆ ಸುಮಾರು 45 ಲೀಟರ್ ನೀರು 153 ಅಡಿ ಆಳದಿಂದ ಮೇಲೆ ಬರುತ್ತಿತ್ತು. ಮೂರು ದೊಡ್ಡ ಕೊಡ ಎನ್ನಿ. ಗಂಟೆಗೆ ಸುಮಾರು 33 ಸಾವಿರ ಲೀಟರ್‌. ಹಗಲೂ ರಾತ್ರಿಯೂ ನಡೆದರೆ ದಿನಕ್ಕೆ ಏಳೂಮುಕ್ಕಾಲು ಲಕ್ಷ ಲೀಟರ್‌ಗಿಂತ ಹೆಚ್ಚು.

ಅದಕ್ಕೂ ಮೊದಲು ಈ ಕೆಲಸ ಕುದುರೆಗಳದ್ದಾಗಿತ್ತು. ವಾರಿಕ್‌ಶೈರಿನ ಗ್ರಿಫ್ ಗಣಿಯವರು ನೀರೆತ್ತಲು 500 ಕುದುರೆ ಇಟ್ಟುಕೊಂಡು ವರ್ಷಕ್ಕೆ 900 ಪೌಂಡ್ ಖರ್ಚು ಮಾಡುತ್ತಿದ್ದರೆಂದು ಆ ಕಾಲದ ವಿಜ್ಞಾನಿ ಡೆಸಾಗುಲಿಯರ್ ಬರೆದಿದ್ದಾನೆ. ಈ ಅಂಕಿಯನ್ನು ಹಾಗೇ ನಂಬಲಾಗದು. ಭಾಗಿಸಿ ನೋಡಿದರೆ ಒಂದು ಕುದುರೆಗೆ ವರ್ಷಕ್ಕೆ ಎರಡು ಪೌಂಡ್ ಕೂಡ ಬೀಳುವುದಿಲ್ಲ. ಹುಲ್ಲು, ಧಾನ್ಯ, ಲಾಳ, ಹೊಡೆಯುವ ಆಳಿನ ಕೂಲಿ ಎಲ್ಲ ಅಷ್ಟರಲ್ಲಿ ಮುಗಿಯುವುದು ಹೇಗೆ? ಒಂದು ಸೊನ್ನೆ ಹೆಚ್ಚಾಗಿ ಬಿದ್ದಿರಬೇಕು. 50 ಎಂದು ಓದಿಕೊಂಡರೆ ಕುದುರೆಗೆ 18 ಪೌಂಡ್ ಬರುತ್ತದೆ. ಅದು ನಂಬುವಂಥ ಖರ್ಚು. ಐವತ್ತೇ ಆದರೂ ಸಣ್ಣ ಹೊರೆಯಲ್ಲ. ಆಳ ಹೆಚ್ಚಿದಷ್ಟೂ ನೀರು ಹೆಚ್ಚು, ನೀರು ಹೆಚ್ಚಿದಷ್ಟೂ ಕುದುರೆ ಹೆಚ್ಚು. ಒಂದು ಹಂತದಲ್ಲಿ ಗಣಿಯ ಲಾಭವನ್ನೆಲ್ಲ ಲಾಯವೇ ತಿಂದುಬಿಡುತ್ತಿತ್ತು, ಕೆಳಗಿನ ಇದ್ದಲು ನೀರಲ್ಲೇ ಉಳಿಯುತ್ತಿತ್ತು.

ನ್ಯೂಕಮನ್‌ನ ಯಂತ್ರದಲ್ಲಿ ಉಗಿ ಪಿಸ್ಟನ್ನನ್ನು ತಳ್ಳುತ್ತಿರಲಿಲ್ಲ. ಪಂಪಿನ ಸರಳಿನ ಭಾರಕ್ಕೆ ತೊಲೆಯ ಆ ತುದಿ ಇಳಿದಾಗ ಈಚೆ ಪಿಸ್ಟನ್ ಮೇಲೇಳುತ್ತಿತ್ತು, ಸಿಲಿಂಡರ್‌ ಉಗಿಯಿಂದ ತುಂಬುತ್ತಿತ್ತು. ಆಗ ಒಳಕ್ಕೆ ತಣ್ಣೀರು ಚಿಮ್ಮಿಸಿದರೆ ಉಗಿ ತಟ್ಟನೆ ನೀರಾಗಿ, ಒಳಗೆ ಬಹುಪಾಲು ನಿರ್ವಾತ. ಹೊರಗಿನ ಗಾಳಿಯ ಒತ್ತಡವೇ ಪಿಸ್ಟನ್ನನ್ನು ಕೆಳಕ್ಕೆ ಅದುಮಿ, ಆಚೆ ನೀರನ್ನು ಎತ್ತುತ್ತಿತ್ತು. 21 ಅಂಗುಲದ ಪಿಸ್ಟನ್ ಮೇಲೆ ಗಾಳಿಯ ಭಾರ 2.3 ಟನ್. ಪಿಸ್ಟನ್ನಿನ ಓಟ 6 ಅಡಿ ಎಂದಿಟ್ಟುಕೊಂಡರೆ ನೀರೆತ್ತಲು ಬಳಕೆಯಾದದ್ದು ಸುಮಾರು 1.2 ಟನ್. ಸಿಗಬಹುದಾಗಿದ್ದ ಬಲದಲ್ಲಿ ಅರ್ಧ!

ಉಳಿದ ಅರ್ಧಕ್ಕೆ ಮುಖ್ಯ ಕಾರಣ, ಒಳಗಿನ ನಿರ್ವಾತ ಪೂರ್ತಿ ಆಗದಿರುವುದು. ಆ ಕಾಲದಲ್ಲಿ ಸಿಲಿಂಡರಿನ ಒಳಮೈಯನ್ನು ಸಮನಾಗಿ ಕೊರೆಯಲು ಆಗುತ್ತಿರಲಿಲ್ಲ. ಪಿಸ್ಟನ್ನಿನ ಅಂಚಿಗೆ ಚರ್ಮ ಸುತ್ತಿ, ಸಂದು ಮುಚ್ಚಲು ಅದರ ಮೇಲೆ ನೀರು ನಿಲ್ಲಿಸುತ್ತಿದ್ದರು. ತಣ್ಣೀರಿನ ಜೊತೆಗೂ ಗಾಳಿ ಒಳಸೇರುತ್ತಿತ್ತು. ಗಾಳಿ ಉಗಿಯಂತೆ ನೀರಾಗುವುದಿಲ್ಲ. ತೂಗಿನಿಂದ ತೂಗಿಗೆ ಒಳಗೇ ಕೂಡುತ್ತ ಹೋಗಿ ಕೊನೆಗೆ ಪಿಸ್ಟನ್ ಇಳಿಯುವುದೇ ನಿಲ್ಲುತ್ತದೆ. ಅದಕ್ಕಾಗಿ ಪಕ್ಕದಲ್ಲೊಂದು ಸಣ್ಣ ಕವಾಟವಿತ್ತು. ಹೊಸ ಉಗಿ ನುಗ್ಗುವಾಗ ಹಳೆಯ ಗಾಳಿಯನ್ನು ಅದರ ಮೂಲಕ ಹೊರದಬ್ಬುತ್ತಿತ್ತು. ಪ್ರತಿ ಸಲವೂ ನೆಗಡಿಯಾದವನು ಮೂಗು ಸೇದಿದಂಥ ಸದ್ದು. ಯಂತ್ರ ನೋಡಿಕೊಳ್ಳುವವನಿಗೆ ಆ ಸದ್ದೇ ನಾಡಿ: ನಿಮಿಷಕ್ಕೆ ಹನ್ನೆರಡು ಸಲ ಕೇಳುತ್ತಿದ್ದರೆ ಒಳಗೆ ಎಲ್ಲ ಸರಿ.

ಇನ್ನು ಇದ್ದಲಿನ ಖರ್ಚು. 1769ರಲ್ಲಿ ಎಂಜಿನಿಯರ್ ಜಾನ್ ಸ್ಮೀಟನ್ ನ್ಯೂಕ್ಯಾಸಲ್ ಪ್ರದೇಶದ 15 ಯಂತ್ರಗಳನ್ನು ಅಳೆದ. ಸುಮಾರು 38 ಕಿಲೊ ತೂಗುವ ಒಂದು ಬುಷೆಲ್ ಇದ್ದಲು ಉರಿಸಿದರೆ ಎಷ್ಟು ಪೌಂಡ್ ನೀರು ಒಂದು ಅಡಿ ಮೇಲೇರುತ್ತದೆ ಎಂಬುದು ಅವನ ಅಳತೆ. ಸರಾಸರಿ ಬಂದದ್ದು 55.9 ಲಕ್ಷ ಪೌಂಡ್. ನಮ್ಮ ಲೆಕ್ಕಕ್ಕೆ ತಿರುಗಿಸಿದರೆ, ಒಂದು ಅಶ್ವಶಕ್ತಿಯನ್ನು ಒಂದು ಗಂಟೆ ಪಡೆಯಲು ಹದಿಮೂರೂವರೆ ಕಿಲೊ ಇದ್ದಲು. ಇದೇ ದರವನ್ನು ಡಡ್ಲಿ ಯಂತ್ರಕ್ಕೆ ಹಾಕಿದರೆ ಗಂಟೆಗೆ ಸುಮಾರು 75 ಕಿಲೊ, ದಿನಕ್ಕೆ ಒಂದೂಮುಕ್ಕಾಲು ಟನ್ ಇದ್ದಲು. ಒಂದು ಕಿಲೊ ಇದ್ದಲಿಗೆ 440 ಲೀಟರ್, ಸುಮಾರು ಮೂವತ್ತು ಕೊಡ ನೀರು ಮೇಲೆ ಬರುತ್ತಿತ್ತು. ಕೇಳಲು ದೊಡ್ಡದೆನಿಸುತ್ತದೆ. ಆದರೆ ನೂರು ರೂಪಾಯಿಯ ಇದ್ದಲು ಉರಿಸಿದರೆ ಅದರಲ್ಲಿ ಅರವತ್ತು ಪೈಸೆಯಷ್ಟು ಮಾತ್ರ ನೀರೆತ್ತುತ್ತಿತ್ತು. ಪ್ರತಿ ತೂಗಿಗೂ ಸಿಲಿಂಡರನ್ನು ತಣ್ಣಗಾಗಿಸಿ ಮತ್ತೆ ಬಿಸಿ ಮಾಡಬೇಕಿತ್ತು. ಉಗಿಯ ಬಹುಭಾಗ ಲೋಹ ಕಾಯಿಸುವುದಕ್ಕೇ ಸೋರಿಹೋಗುತ್ತಿತ್ತು.

ಇಷ್ಟು ತಿನ್ನುವ ಯಂತ್ರ ಗಣಿಯಲ್ಲಿ ಬದುಕಿದ್ದು ಏಕೆಂದರೆ ಅದರ ಮೇವು ಬಾಗಿಲಲ್ಲೇ ಬಿದ್ದಿತ್ತು. ಸಾಗಿಸಿದರೆ ಬಂಡಿ ಬಾಡಿಗೆಯೂ ಗಿಟ್ಟದ ಪುಡಿ ಇದ್ದಲು ಗಣಿಯ ಬಾಯಲ್ಲಿ ರಾಶಿ ರಾಶಿ ಇರುತ್ತಿತ್ತು. ಅದನ್ನೇ ಬಾಯ್ಲರ್ ಒಲೆಗೆ ತಳ್ಳಿದರಾಯಿತು. ಯಂತ್ರದ ತೂಕವೂ ತೊಂದರೆಯಲ್ಲ. ಅದು ಎಲ್ಲಿಗೂ ಹೋಗಬೇಕಿರಲಿಲ್ಲ. ಇದೇ ಯಂತ್ರವನ್ನು ಗಾಲಿಯ ಮೇಲೆ ಕೂರಿಸುವುದನ್ನು ಊಹಿಸಿ. ಐದೂವರೆ ಅಶ್ವಶಕ್ತಿಗಾಗಿ ಒಂದು ಮನೆಯನ್ನೇ ಹೊತ್ತು ಸಾಗಬೇಕು. ಚಿಮ್ಮಿಸುವ ತಣ್ಣೀರನ್ನೂ ಹೊರಬೇಕು. ಗಾಳಿಯ ಒತ್ತಡವನ್ನು ನಂಬಿಕೊಂಡಿರುವವರೆಗೆ ಸಣ್ಣ ಸಿಲಿಂಡರಿನಿಂದ ದೊಡ್ಡ ಬಲ ಬರುವಂತಿರಲಿಲ್ಲ.

ಇದ್ದಲೇ ಸಿಗದ ಕಾರ್ನ್‌ವಾಲ್‌ನ ಕಥೆ ಬೇರೆ. ಅಲ್ಲಿನ ತವರ, ತಾಮ್ರದ ಗಣಿಗಳಿಗೆ ವೇಲ್ಸ್‌ನಿಂದ ಹಡಗಿನಲ್ಲಿ ಇದ್ದಲು ಬರಬೇಕಿತ್ತು. ಉಗಿಯನ್ನು ಬೇರೆ ಪಾತ್ರೆಯಲ್ಲಿ ತಣಿಸುವ ಜೇಮ್ಸ್ ವಾಟ್‌ನ ಯಂತ್ರಕ್ಕೆ ಒಳ್ಳೆಯ ಗಿರಾಕಿಗಳು ಸಿಕ್ಕಿದ್ದು ಅಲ್ಲೇ. ಒಂದು ಅಶ್ವಶಕ್ತಿ-ಗಂಟೆಗೆ ನಾಲ್ಕು ಕಿಲೊ ಆಸುಪಾಸಿನಲ್ಲಿ ಅದು ಕೆಲಸ ಮುಗಿಸುತ್ತಿತ್ತು. ಹಳೆಯ ಯಂತ್ರಕ್ಕೆ ಹೋಲಿಸಿ ಉಳಿದ ಇದ್ದಲಿನ ಬೆಲೆಯಲ್ಲಿ ಮೂರನೆಯ ಒಂದು ಪಾಲನ್ನು ವಾಟ್ ಮತ್ತು ಅವನ ಪಾಲುದಾರ ಬೋಲ್ಟನ್ ಕಪ್ಪದಂತೆ ವಸೂಲು ಮಾಡುತ್ತಿದ್ದರು. ವಾಟ್‌ನ ಪೇಟೆಂಟ್ 1800ರಲ್ಲಿ ಮುಗಿದ ಮೇಲೆ ಕಾರ್ನ್‌ವಾಲ್‌ನವರು ಸುಮ್ಮನೆ ಕೂರಲಿಲ್ಲ. 1811ರಿಂದ ಯಂತ್ರಗಳ ಇದ್ದಲು ಲೆಕ್ಕವನ್ನು ತಿಂಗಳು ತಿಂಗಳೂ ಅಚ್ಚು ಹಾಕಿಸಿದರು. ಯಾರ ಯಂತ್ರ ಎಷ್ಟು ತಿಂದಿತು ಎಂಬುದು ಎಲ್ಲರಿಗೂ ಗೊತ್ತಾಗತೊಡಗಿತು. 1835ರಲ್ಲಿ ಫಾಯ್ ಕನ್ಸಾಲ್ಸ್ ಗಣಿಯ ಯಂತ್ರವೊಂದು 24 ಗಂಟೆಗಳ ಪರೀಕ್ಷೆಯಲ್ಲಿ ಅಶ್ವಶಕ್ತಿ-ಗಂಟೆಗೆ ಮುಕ್ಕಾಲು ಕಿಲೊಗಿಂತ ಕಡಿಮೆ ಇದ್ದಲು ಬಳಸಿತು. ಅದೇ ಕಾರ್ನ್‌ವಾಲ್‌ನಲ್ಲಿ ತಾಮ್ರದ ಗಣಿಗಳನ್ನು ನಡೆಸಿದ ಜಾನ್ ಟೇಲರ್‌ನ ಮನೆತನದ ಕಂಪನಿಯೇ ಮುಂದೆ ನಮ್ಮ ಕೋಲಾರಕ್ಕೆ ಬಂದು ಚಿನ್ನ ತೆಗೆದದ್ದು.

ರೈಲಿಗೆ ದಾರಿ ಮಾಡಿದವನೂ ಕಾರ್ನ್‌ವಾಲ್‌ನ ಗಣಿಯವನೇ, ರಿಚರ್ಡ್ ಟ್ರೆವಿಥಿಕ್. ಅವನು ತಣ್ಣೀರನ್ನೂ ನಿರ್ವಾತವನ್ನೂ ಬಿಟ್ಟು, ಬಲವಾದ ಬಾಯ್ಲರಿನಲ್ಲಿ ಉಗಿಯ ಒತ್ತಡವನ್ನೇ ಏರಿಸಿದ. ಸಿಲಿಂಡರ್‌ ಚಿಕ್ಕದಾಯಿತು, ಯಂತ್ರ ಗಾಲಿಯ ಮೇಲೆ ಹತ್ತಿತು. 1804ರ ಫೆಬ್ರವರಿ 21ರಂದು ವೇಲ್ಸ್‌ನ ಪೆನಿಡಾರನ್‌ನಲ್ಲಿ ಅದು 10 ಟನ್ ಕಬ್ಬಿಣವನ್ನೂ 70 ಜನರನ್ನೂ ಒಂಬತ್ತಕ್ಕೂ ಹೆಚ್ಚು ಮೈಲಿ ಎಳೆಯಿತು. ಹಿಡಿದದ್ದು 4 ಗಂಟೆ 5 ನಿಮಿಷ. ಡಡ್ಲಿಯ ಯಂತ್ರ ನಡೆದು ಆಗಲೇ 92 ವರ್ಷ. 1800ರ ಹೊತ್ತಿಗೇ ಬ್ರಿಟನ್ನಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಉಗಿಯಂತ್ರಗಳು ತಯಾರಾಗಿದ್ದವು. ವಾಟ್‌ನ ಕಂಪನಿಯವು ಅವುಗಳಲ್ಲಿ ಐನೂರೂ ಇಲ್ಲ.

ಪುಡಿ ಇದ್ದಲು ಬಿಟ್ಟಿ ಸಿಗುವ ಕಡೆ ನ್ಯೂಕಮನ್‌ನ ಯಂತ್ರಕ್ಕೇ ಬೇಡಿಕೆ ಉಳಿದಿತ್ತು. ಯಾರ್ಕ್‌ಶೈರಿನ ಎಲ್ಸೆಕಾರ್ ಕಲ್ಲಿದ್ದಲು ಗಣಿಯವರು 1795ರಲ್ಲಿ, ವಾಟ್‌ನ ಯಂತ್ರ ಮಾರುಕಟ್ಟೆಗೆ ಬಂದು ಸುಮಾರು ಇಪ್ಪತ್ತು ವರ್ಷವಾದ ಮೇಲೆ, ಹಳೆಯ ಮಾದರಿಯನ್ನೇ ಕಟ್ಟಿಸಿದರು. ಅದು 1923ರವರೆಗೆ ನೀರೆತ್ತಿತು. ಈಗಲೂ ಕಟ್ಟಿದ ಜಾಗದಲ್ಲೇ ನಿಂತಿದೆ.