ರಕ್ತ ತೆಳು ಮಾಡೋ ಮಾತ್ರೆ, ರೊಟ್ಟಿ ಜೊತೆಗಿನ ಮೆಂತ್ಯೆ ಸೊಪ್ಪು

ಎದೆಬಡಿತದ ತಾಳ ತಪ್ಪಿದ್ರೆ ಲಕ್ವ ಯಾಕೆ ಹೊಡೀತದೆ? ಇವತ್ತಿನ ಮಾತು ಅದೇ.

ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡದೆ ಬರೀ ಅದುರೋದಕ್ಕೆ ಏಟ್ರಿಯಲ್ ಫೈಬ್ರಿಲೇಶನ್ ಅಂತಾರೆ. ಆಗ ಎಡಗಡೆ ಕೋಣೆಯ ಮೂಲೆಯಲ್ಲಿರೋ ಸಣ್ಣ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಹರಿದುಹೋಗಿ ಮಿದುಳಿನ ರಕ್ತನಾಳ ಮುಚ್ಚಿದರೆ ಲಕ್ವ.

ವಾರ್ಫರಿನ್ ಮಾತ್ರೆ ಈ ಅಪಾಯವನ್ನು ಸುಮಾರು ಮೂರರಲ್ಲಿ ಎರಡು ಪಾಲು ತಗ್ಗಿಸುತ್ತೆ. ಅದು ರಕ್ತವನ್ನು ನೀರು ಮಾಡಲ್ಲ. ಹೆಪ್ಪುಗಟ್ಟಿಸೋ ಅಂಶಗಳನ್ನು ತಯಾರಿಸಲು ಯಕೃತ್ತಿಗೆ ವಿಟಮಿನ್ ಕೆ ಬೇಕು. ಮಾತ್ರೆ ಅದಕ್ಕೇ ಅಡ್ಡ ಬರುತ್ತೆ.

ಈ ವಿಟಮಿನ್ ಹಸಿರು ಸೊಪ್ಪಿನಲ್ಲಿ ಜಾಸ್ತಿ. ಮುಂಡರಗಿಯ ಒಬ್ಬ ಅಜ್ಜಾರು ಗದಗಕ್ಕೆ ಬಂದು ರಕ್ತ ಪರೀಕ್ಷೆ ಮಾಡಿಸಿದಾಗ ಐಎನ್‌ಆರ್ 2.4 ಬಂತು ಅಂತ ಇಟ್ಕೊಳ್ಳಿ. ಸಾಮಾನ್ಯವಾಗಿ 2ರಿಂದ 3ರೊಳಗೆ ಇರಬೇಕು, ಚಲೋ ಐತಿ. ಚಳಿಗಾಲದಲ್ಲಿ ದಿನಾ ರೊಟ್ಟಿ ಜೊತೆ ಹಸಿ ಮೆಂತ್ಯೆ, ಪಾಲಕ್ ಪಲ್ಯ ಶುರುವಾದ್ರೆ ಅದು 1.6ಕ್ಕೆ ಇಳೀಬಹುದು. ಮಾತ್ರೆ ನುಂಗ್ತಿದ್ರೂ ರಕ್ಷಣೆ ಸಾಲದು. ಡಾಕ್ಟರ್ ಡೋಸ್ ಏರಿಸ್ತಾರೆ. ಆಮೇಲೆ ಸೊಪ್ಪು ಪೂರ್ತಿ ಬಿಟ್ಟರೆ 4 ದಾಟಬಹುದು. ಒಸಡಲ್ಲಿ ರಕ್ತ, ಕಪ್ಪು ಮಲ ಅದರ ಸೂಚನೆ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಅದಕ್ಕೆ ಸೊಪ್ಪು ಬಿಡಿಸಬೇಡಿ, ಪ್ರತಿ ವಾರ ಹೆಚ್ಚುಕಡಿಮೆ ಅಷ್ಟೇ ತಿನ್ನಲಿ. ಮೊಣಕಾಲು ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ಕೊಡಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತೆ.

ಅಪಿಕ್ಸಬಾನ್‌ನಂಥ ಹೊಸ ಮಾತ್ರೆಗಳಿಗೆ ಸೊಪ್ಪಿನ ಚಿಂತೆ ಇಲ್ಲ. ಆದರೆ ಸಂಧಿವಾತ ಜ್ವರದಿಂದ ಹೃದಯದ ಕವಾಟ ಕಿರಿದಾದವರಿಗೆ ಈಗಲೂ ವಾರ್ಫರಿನ್ ಜಾತಿಯ ಮಾತ್ರೆಯೇ ಬೇಕು. ಹಾಗಾಗಿ ಪಕ್ಕದ ಮನೆಯವರ ಚೀಟಿ ನೋಡಿ ಮಾತ್ರೆ ಬದಲಿಸಬೇಡ್ರಿ.