ಆ್ಯಪ್‌ಗೆ ಹಾಕಿದ ಯಾವ ಫೋಟೋ ಆದರೂ ಕ್ರಾಸ್ ಸ್ಟಿಚ್ ಆಗುತ್ತದೆಯೇ?

'ಫೋಟೋ ಹಾಕಿ, ಪ್ಯಾಟರ್ನ್ ಪಡೆಯಿರಿ, ಹಾಗೇ ಹೊಲಿಯಿರಿ' ಎಂಬ ಮೆಸೇಜ್ ಅರ್ಧ ಮಾತ್ರ ನಿಜ.

ನಾವು ಲೆಕ್ಕ ಹಾಕಿ ನೋಡೋಣ. 14 ಕೌಂಟ್ ಬಟ್ಟೆಯಲ್ಲಿ ಇಂಚಿಗೆ 14 ಹೊಲಿಗೆ. 5 ಇಂಚು ಅಗಲ, 7 ಇಂಚು ಎತ್ತರದ ಚಿತ್ರಕ್ಕೆ 70 × 98, ಅಂದರೆ 6,860 ಹೊಲಿಗೆ. ಮದುವೆಯ ಗುಂಪು ಫೋಟೋದಲ್ಲಿ ಅಜ್ಜಿಯ ಮುಖ ಅಗಲದ ಹತ್ತನೇ ಒಂದು ಭಾಗವಿದ್ದರೆ, ಅದಕ್ಕೆ ಅಡ್ಡಲಾಗಿ ಸಿಗುವುದು ಏಳೇ ಹೊಲಿಗೆ. ಕಣ್ಣಿಗೆ ಒಂದು!

ಬಣ್ಣದ್ದೂ ಇದೇ ಕಥೆ. ದಾರ 15 ಬಣ್ಣ ಮೀರಬಾರದು ಎಂದರೆ, ಸುತ್ತಲಿನ ಸೀರೆ, ಹೂವುಗಳೇ ಹೆಚ್ಚಿನ ಬಣ್ಣ ಬಳಸಿಕೊಳ್ಳುತ್ತವೆ. ತುಟಿ, ಕೆನ್ನೆ ಒಂದೇ ಬಣ್ಣವಾಗಿಬಿಡುತ್ತವೆ.

ಹಾಗಾಗಿ ಮೊದಲು ಮುಖವನ್ನಷ್ಟೇ ಕ್ರಾಪ್ ಮಾಡಿ, ಹಿನ್ನೆಲೆ ಅಳಿಸಿ. ಆಮೇಲೆ ಬಣ್ಣ ಇಳಿಸಿ. ಪ್ಯಾಟರ್ನ್ ಅನ್ನು ದೂರದಿಂದ ನೋಡಿ. ಅಜ್ಜಿಯ ಗುರುತು ಸಿಕ್ಕರೆ ಮಾತ್ರ ದಾರ ಕೊಳ್ಳಿ.