ಸಭೆಯ ಹಿಂದಿನ ಸಂಜೆ ಬರುವ ‘ಐದೇ ನಿಮಿಷ’ದ ವಿಷಯ

ತೀರ್ಮಾನ ಆಗಲೇಬೇಕಾದ ಸಭೆಗೆ ಹೆಚ್ಚುವರಿ ವಿಷಯಗಳು ಬರುವುದು ಹೆಚ್ಚಾಗಿ ಹಿಂದಿನ ದಿನ ಸಂಜೆಯೇ. ಅಪಾರ್ಟ್‌ಮೆಂಟ್ ಸಂಘದ ಕಾರ್ಯಕಾರಿ ಸಮಿತಿ ಹಳೆಯ ಲಿಫ್ಟ್ ಬದಲಿಸಲು ಎರಡು ಕೊಟೇಶನ್‌ಗಳಲ್ಲಿ ಒಂದನ್ನು ಆರಿಸಬೇಕಿದೆ ಎಂದಿಟ್ಟುಕೊಳ್ಳೋಣ. ಭಾನುವಾರ ಬೆಳಿಗ್ಗೆ 10ರಿಂದ 11ರವರೆಗೆ ಸಭೆ. ಪ್ರತಿ ಕೊಟೇಶನ್ನಿನ ವಿವರಣೆಗೆ 15 ನಿಮಿಷ, ಚರ್ಚೆಗೆ 20, ನಿರ್ಣಯ ಬರೆದು ಓದಿ ಒಪ್ಪಿಗೆ ಪಡೆಯಲು 10. ಶನಿವಾರ ಸಂಜೆ ಸದಸ್ಯರೊಬ್ಬರು ಕಾರ್ಯದರ್ಶಿಗೆ ವಾಟ್ಸ್ಯಾಪ್ ಮಾಡುತ್ತಾರೆ: “ಪಾರ್ಕಿಂಗ್ ವಿಷಯಾನೂ ಸೇರಿಸಿಬಿಡಿ ಸರ್, ಐದೇ ನಿಮಿಷ.”

ಒಂಬತ್ತು ಮಂದಿಯ ಸಮಿತಿಯಲ್ಲಿ ತಲಾ ಒಂದು ನಿಮಿಷ ಮಾತಾಡಿದರೂ ಐದು ಒಂಬತ್ತಾಗುತ್ತದೆ. ಪಾರ್ಕಿಂಗ್ ಮಾತು ಒಂದು ನಿಮಿಷಕ್ಕೆ ನಿಲ್ಲುವುದೂ ಅಪರೂಪ. ವಿವರಣೆ ಕೊಡಲು ಬಂದ ಕಂಪನಿಯವರ ಸಮಯವನ್ನು ಯಾರೂ ಮೊಟಕುಗೊಳಿಸುವುದಿಲ್ಲ, ಹಾಗಾಗಿ ಕಡಿತವಾಗುವುದು ಕೊನೆಯ ಚರ್ಚೆ ಮತ್ತು ನಿರ್ಣಯ. ಲಿಫ್ಟ್ ಮುಂದಿನ ತಿಂಗಳಿಗೆ ಹೋಗುತ್ತದೆ, ಅಷ್ಟರಲ್ಲಿ ಕೊಟೇಶನ್ನಿನ ಅವಧಿಯೇ ಮುಗಿದಿರಬಹುದು.

ಆದ್ದರಿಂದ ಬೇಡ ಎನ್ನಲೇಬೇಕು, ಅದೂ ಅಂದೇ ರಾತ್ರಿ. “ನೋಡೋಣ” ಎಂಬ ಉತ್ತರವನ್ನು ಕೇಳಿದವರು ಒಪ್ಪಿಗೆ ಎಂದೇ ತಿಳಿಯುತ್ತಾರೆ. ಒಳ್ಳೆಯ ಉತ್ತರ ಹೀಗಿರಬಹುದು: “ಪಾರ್ಕಿಂಗ್ ತೊಂದರೆ ನಿಜ ಸರ್. ನಾಳಿನ ಒಂದು ಗಂಟೆ ಪೂರ್ತಿ ಲಿಫ್ಟಿಗೇ ಬೇಕು. ಮುಂದಿನ ಸಭೆಯಲ್ಲಿ ಪಾರ್ಕಿಂಗನ್ನೇ ಮೊದಲ ವಿಷಯವಾಗಿ ಹಾಕುತ್ತೇನೆ. ಗುರುವಾರದೊಳಗೆ ಅರ್ಧ ಪುಟ ಬರೆದುಕೊಟ್ಟರೆ ಎಲ್ಲರಿಗೂ ಕಳಿಸುತ್ತೇನೆ.” ಇಲ್ಲಿ ತಡೆದದ್ದು ಸಮಯದ ಲೆಕ್ಕ, ಕೇಳಿದವರ ವಿಷಯ ಸಣ್ಣದೆಂಬ ಸೂಚನೆ ಎಲ್ಲೂ ಇಲ್ಲ.

“ನಮ್ಮ ಭಾವ ಇಂಜಿನಿಯರ್, ಅವರೂ ಬರಲಿ” ಎಂಬುದು ಇನ್ನೂ ನಾಜೂಕಿನ ಕೋರಿಕೆ, ಏಕೆಂದರೆ ಬೇಡ ಎಂದದ್ದು ಮನುಷ್ಯರಿಗೇ ಅಂದಂತೆ ಕೇಳಿಸುತ್ತದೆ. ಅವರ ತಿಳಿವಳಿಕೆ ಬೇಕು, ಕುರ್ಚಿ ಬೇಕಿಲ್ಲ. ಕೊಟೇಶನ್‌ಗಳನ್ನು ಅವರಿಗೆ ತೋರಿಸಿ, ಕೇಳಬೇಕಾದ ಪ್ರಶ್ನೆಗಳನ್ನು ಬೆಳಿಗ್ಗೆ 9ರೊಳಗೆ ಬರೆದು ಕಳಿಸಲು ಕೋರಬಹುದು. ಮತ ಹಾಕುವವರು ಸಮಿತಿಯವರಷ್ಟೇ ಎಂಬ ಮಾತೂ ಅದರಲ್ಲೇ ಮೃದುವಾಗಿ ಬರಲಿ. ಕೇಳಿದವರು ಹಿರಿಯರಾಗಿದ್ದರೆ ಸಂದೇಶ ಸಾಲದು, ಅಧ್ಯಕ್ಷರೇ ಫೋನ್ ಮಾಡುವುದು ಸರಿ.

ಎಲ್ಲ ಕೋರಿಕೆಯನ್ನೂ ತಳ್ಳಿಹಾಕುವಂತಿಲ್ಲ. ಒಂದು ಕೊಟೇಶನ್ನಿನಲ್ಲಿ ವಾರ್ಷಿಕ ನಿರ್ವಹಣೆಯ ಖರ್ಚು ಬಿಟ್ಟುಹೋಗಿದೆ ಎಂದು ಯಾರಾದರೂ ಹೇಳಿದರೆ ಅದು ನಿರ್ಣಯಕ್ಕೇ ಸೇರಿದ ಸಂಗತಿ; ಒಳಗೆ ಬರಲೇಬೇಕು. ಮುಂದಿನ ಸಭೆಯವರೆಗೆ ಕಾಯಲಾಗದ ಅಪಾಯವಿದ್ದರೂ ಹಾಗೆಯೇ. ಕಂಪನಿಗಳ ನಿರ್ದೇಶಕ ಮಂಡಳಿಯಲ್ಲೂ ಕಾರ್ಯಸೂಚಿಯಲ್ಲಿಲ್ಲದ ವಿಷಯ ಎತ್ತಿಕೊಳ್ಳಲು ಅಧ್ಯಕ್ಷರ ಅನುಮತಿಯ ಜೊತೆ ಹಾಜರಿರುವ ನಿರ್ದೇಶಕರ ಬಹುಮತ ಬೇಕೆಂಬ ನಿಯಮವಿದೆ.

ಕೊಟ್ಟ ಮಾತಿನಂತೆ ಪಾರ್ಕಿಂಗ್ ಮುಂದಿನ ಕಾರ್ಯಸೂಚಿಯ ಮೊದಲ ಸಾಲಿನಲ್ಲಿ ಇರಲೇಬೇಕು. ಇಲ್ಲದಿದ್ದರೆ ಅದೇ ಕಾರ್ಯದರ್ಶಿ ಇನ್ನೊಮ್ಮೆ “ಮುಂದಿನ ಸಭೆಗೆ” ಎಂದಾಗ ಯಾರೂ ಒಪ್ಪುವುದಿಲ್ಲ.